ಟ್ರಾನ್ಸ್‌ಲೇಶನ್ ಡಿಫರೆನ್ಸ್: ಡಾಲರ್ ತಾಳೆಪಟ್ಟಿ ರೂಪಾಯಿಗೆ ಬಂದಾಗ ಉಳಿಯುವ ವ್ಯತ್ಯಾಸ

ಡಾಲರ್‌ನಲ್ಲಿ ಎರಡೂ ಕಡೆ ಸರಿಯಾಗಿ ಕೂಡಿಬಂದ ತಾಳೆಪಟ್ಟಿ ರೂಪಾಯಿಗೆ ಬದಲಾದ ಕೂಡಲೇ ತಾಳೆ ತಪ್ಪುತ್ತದೆ. ಕಾರಣ ಸರಳ. ಎಲ್ಲ ಸಾಲುಗಳಿಗೂ ಒಂದೇ ದರ ಹಾಕುವುದಿಲ್ಲ. ಹೀಗೆ ಉಳಿಯುವ ಮೊತ್ತವೇ ಟ್ರಾನ್ಸ್‌ಲೇಶನ್ ಡಿಫರೆನ್ಸ್.

ಬೆಂಗಳೂರಿನ ಒಂದು ಕಂಪನಿ ಏಪ್ರಿಲ್ 1ರಂದು ಅಮೆರಿಕದಲ್ಲಿ ಪೂರ್ತಿ ತನ್ನದೇ ಆದ ಅಂಗಸಂಸ್ಥೆ ಶುರು ಮಾಡಿತು ಅಂದುಕೊಳ್ಳಿ. ಹಾಕಿದ ಬಂಡವಾಳ 1,00,000 ಡಾಲರ್. ಅಂದಿನ ದರ 80 ರೂಪಾಯಿ, ವರ್ಷದ ಸರಾಸರಿ 82, ಮಾರ್ಚ್ 31ಕ್ಕೆ 84. ದರಗಳು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು.

| ಖಾತೆ | ಡಾಲರ್ | ದರ | ರೂಪಾಯಿ |
|---|---|---|---|
| ಸ್ಥಿರಾಸ್ತಿ (ಸವಕಳಿ ಕಳೆದು) | 70,000 | 84 | 58,80,000 |
| ಸಾಲಗಾರರು | 40,000 | 84 | 33,60,000 |
| ಬ್ಯಾಂಕ್ | 25,000 | 84 | 21,00,000 |
| ಖರ್ಚುಗಳು | 65,000 | 82 | 53,30,000 |
| ಡೆಬಿಟ್ ಒಟ್ಟು | 2,00,000 | | 1,66,70,000 |
| ಷೇರು ಬಂಡವಾಳ | 1,00,000 | 80 | 80,00,000 |
| ಧನಿಗಳು | 15,000 | 84 | 12,60,000 |
| ಮಾರಾಟ | 85,000 | 82 | 69,70,000 |
| ಕ್ರೆಡಿಟ್ ಒಟ್ಟು | 2,00,000 | | 1,62,30,000 |

ಆಸ್ತಿ, ಹೊಣೆಗಳಿಗೆ ವರ್ಷಾಂತ್ಯದ ದರ. ಆದಾಯ, ಖರ್ಚು ವರ್ಷವಿಡೀ ಆಗುವುದರಿಂದ ಸರಾಸರಿ ದರ. ಬಂಡವಾಳಕ್ಕೆ ಅದು ಬಂದ ದಿನದ ದರ. ಇದು ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 21ರ ದಾರಿ. ಅಂಗಸಂಸ್ಥೆಯ ವ್ಯವಹಾರ ಡಾಲರ್‌ನಲ್ಲೇ ನಡೆಯುತ್ತದೆ, ಅಂದರೆ ಡಾಲರೇ ಅದರ ಫಂಕ್ಷನಲ್ ಕರೆನ್ಸಿ ಎಂದಾಗ ಈ ದಾರಿ ಹಿಡಿಯಬೇಕು. ಹಳೆಯ ಎಎಸ್ 11ರಲ್ಲಿ ಮಾತೃ ಕಂಪನಿಯದ್ದೇ ಮುಂದುವರಿಕೆಯಂತೆ ನಡೆಯುವ ಘಟಕಕ್ಕೆ ಬೇರೆ ವಿಧಾನವಿದೆ. ಅಲ್ಲಿ ಸ್ಥಿರಾಸ್ತಿಗೆ ಕೊಂಡ ದಿನದ ದರ ಹಾಕುತ್ತಾರೆ, ವ್ಯತ್ಯಾಸ ಲಾಭ-ನಷ್ಟಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಮೊದಲು ಯಾವ ದಾರಿ ಅಂತ ನೋಡದೆ ಗುಣಾಕಾರಕ್ಕೆ ಇಳಿದರೆ ಇಡೀ ಲೆಕ್ಕ ಹಾಳು.

ನಮ್ಮ ಪಟ್ಟಿಯಲ್ಲಿ ಕ್ರೆಡಿಟ್ ಕಡೆ 4,40,000 ರೂಪಾಯಿ ಕಡಿಮೆ ಬಂದಿದೆ. ಅಷ್ಟನ್ನು ಕ್ರೆಡಿಟ್‌ನಲ್ಲಿ ತುಂಬಿದರೆ ತಾಳೆಯಾಗುತ್ತದೆ. ಹಾಗಂತ ಸುಮ್ನೆ ಖಾಲಿ ಜಾಗಕ್ಕೆ ತುಂಬಿದ ಅಂಕಿ ಅದಲ್ಲ. ತಾಳೆಪಟ್ಟಿ ಮುಟ್ಟದೆಯೂ ಅದನ್ನು ತರಬಹುದು. ಮೊದಲ ದಿನದ ನಿವ್ವಳ ಆಸ್ತಿ 1,00,000 ಡಾಲರ್. ದರ 80ರಿಂದ 84ಕ್ಕೆ ಏರಿತು, ಹಾಗಾಗಿ 4,00,000. ವರ್ಷದ ಲಾಭ 20,000 ಡಾಲರ್ ಪುಸ್ತಕಕ್ಕೆ 82ರಲ್ಲಿ ಬಂತು, ಕೊನೆಗೆ 84ರಲ್ಲಿ ನಿಂತಿತು, ಹಾಗಾಗಿ ಇನ್ನೂ 40,000. ಒಟ್ಟು ಅದೇ 4,40,000.

ಈ ಎರಡನೇ ಲೆಕ್ಕ ನನಗೆ ಮೊದಲನೆಯದಕ್ಕಿಂತ ಮುಖ್ಯ. ವ್ಯತ್ಯಾಸದ ಸಾಲು ಎಂಥ ತಪ್ಪನ್ನಾದರೂ ನುಂಗಿಕೊಂಡು ಪಟ್ಟಿಯನ್ನು ತಾಳೆ ಮಾಡಿಬಿಡುತ್ತದೆ. ಬಂಡವಾಳವನ್ನೂ 84ಕ್ಕೆ ತಿರುಗಿಸಿದ್ದರೆ ವ್ಯತ್ಯಾಸ ಬರೀ 40,000 ಆಗುತ್ತಿತ್ತು, ಪಟ್ಟಿ ಆಗಲೂ ಕೂಡಿಬರುತ್ತಿತ್ತು. ನಿವ್ವಳ ಆಸ್ತಿಯ ಲೆಕ್ಕ ಇಟ್ಟುಕೊಂಡರೆ ಮಾತ್ರ ಆ 4,00,000 ಎಲ್ಲಿ ಹೋಯಿತು ಅಂತ ಕಾಣುತ್ತದೆ.

ಹೆಚ್ಚು ಜನ ಎಡವುವುದು ಎರಡನೇ ವರ್ಷ. ಹಿಂದಿನ ವರ್ಷದ ಲಾಭವನ್ನು ಹೊಸ ದರಕ್ಕೆ ತಿರುಗಿಸಬಾರದು. ಅದು ಕಳೆದ ವರ್ಷ ನಿಂತ 16,40,000 ರೂಪಾಯಿಯಾಗಿಯೇ ಮುಂದುವರಿಯುತ್ತದೆ. ಎರಡನೇ ವರ್ಷ ಲಾಭ 10,000 ಡಾಲರ್, ಸರಾಸರಿ ದರ 84.50, ಕೊನೆಯ ದರ 85, ಡಿವಿಡೆಂಡ್ ಇಲ್ಲ ಅಂದುಕೊಳ್ಳಿ. ಪಟ್ಟಿಯಲ್ಲಿ ಉಳಿಯುವ ವ್ಯತ್ಯಾಸ 5,65,000. ಇದು ಎರಡೂ ವರ್ಷದ್ದು ಸೇರಿ. ಹಳೆಯ 4,40,000 ಕಳೆದರೆ ಈ ವರ್ಷದ್ದು 1,25,000 ಮಾತ್ರ. ಪೂರ್ತಿ 5,65,000ವನ್ನು ಈ ವರ್ಷಕ್ಕೇ ತೋರಿಸಿದರೆ ಒಂದೇ ಮೊತ್ತವನ್ನು ಎರಡು ಸಲ ತೋರಿಸಿದಂತೆ, ಅಲ್ವಾ?

ಸರಾಸರಿ ದರಕ್ಕೂ ಮಿತಿ ಇದೆ. ದರ ಬಹಳ ಏರಿಳಿದ ವರ್ಷ, ಮಾರಾಟ ಬಹುತೇಕ ಕೊನೆಯ ಮೂರು ತಿಂಗಳಲ್ಲೇ ಆಗಿದ್ದರೆ, ಇಡೀ ವರ್ಷದ ಸರಾಸರಿ ಆ ಮಾರಾಟಕ್ಕೆ ಹೊಂದುವುದಿಲ್ಲ. ಆಗ ತಿಂಗಳುವಾರು ಸರಾಸರಿ ಹಾಕುವುದು ವಾಸಿ.

ವ್ಯತ್ಯಾಸದ ಮೊತ್ತ ಲಾಭ-ನಷ್ಟಕ್ಕೆ ಹೋಗುವುದಿಲ್ಲ. ಡಾಲರ್ ಏರಿದರೂ ಕೈಗೆ ಹಣ ಬಂದಿಲ್ಲವಲ್ಲ. ಅದು ಇತರ ಸಮಗ್ರ ಆದಾಯದ ಮೂಲಕ ವಿದೇಶಿ ಕರೆನ್ಸಿ ಟ್ರಾನ್ಸ್‌ಲೇಶನ್ ರಿಸರ್ವ್‌ನಲ್ಲಿ ಕೂರುತ್ತದೆ. ಹೊರಗಿನ ಷೇರುದಾರರಿದ್ದರೆ ಅವರ ಪಾಲು ಅವರಿಗೆ ಸೇರುತ್ತದೆ. ಮುಂದೊಂದು ದಿನ ಅಂಗಸಂಸ್ಥೆಯನ್ನೇ ಮಾರಿದಾಗ, ಮಾತೃ ಕಂಪನಿಯ ಪಾಲಿಗೆ ಕೂಡಿಬಿದ್ದ ಮೊತ್ತ ಲಾಭ-ನಷ್ಟಕ್ಕೆ ವರ್ಗವಾಗುತ್ತದೆ.