ವಕೀಲರ ಕಚೇರಿಯಲ್ಲಿ ಕೆಲಸವಿಲ್ಲದೆ ಕೂತ ಇಂಟರ್ನ್‌ಗೆ

ಕಾನೂನು ವಿದ್ಯಾರ್ಥಿಗಳು ನಾಲ್ಕು ವಾರಕ್ಕೆಂದು ವಕೀಲರ ಕಚೇರಿಗೆ ಬರುತ್ತಾರೆ. ಎಷ್ಟೋ ಜನರ ಮೊದಲ ವಾರ ಕುರ್ಚಿಯಲ್ಲೇ ಕಳೆದುಹೋಗುತ್ತದೆ. ಇದು ಸೀನಿಯರ್‌ಗೆ ನಿಮ್ಮ ಬಗ್ಗೆ ಇರುವ ತಾತ್ಸಾರವಲ್ಲ. ಬೆಳಿಗ್ಗೆ ಅವರು ಕೋರ್ಟಿನಲ್ಲಿರುತ್ತಾರೆ, ಸಂಜೆ ಕಕ್ಷಿದಾರರ ನಡುವೆ. ನೀವು ಅರ್ಜಿಗೆ ಸಹಿ ಹಾಕುವಂತಿಲ್ಲ, ಕೋರ್ಟಿನಲ್ಲಿ ಎದ್ದು ಮಾತನಾಡುವಂತಿಲ್ಲ. ನಿಮಗೊಂದು ಕೆಲಸ ವಿವರಿಸಿ ಹೇಳುವ ಹೊತ್ತಿಗೆ ಜೂನಿಯರ್ ಅದನ್ನು ಮುಗಿಸಿಯೇ ಬಿಟ್ಟಿರುತ್ತಾರೆ.

ಹಾಗಾಗಿ "ಸರ್, ಏನಾದ್ರೂ ಕೆಲಸ ಇದೆಯಾ?" ಎಂದು ಕೇಳಿದರೆ "ಕೂತ್ಕೊಳಪ್ಪಾ, ಹೇಳ್ತೀನಿ" ಎಂಬ ಉತ್ತರವೇ ಬರುವುದು. ಕೆಲಸವನ್ನು ನೀವೇ ಹುಡುಕಿ, ಅನುಮತಿಯನ್ನಷ್ಟೇ ಕೇಳಬೇಕು. "ಸರ್, ತೀರ್ಪಾದ ಒಂದು ಚೆಕ್ ಬೌನ್ಸ್ ಫೈಲ್ ಓದಿ, ತಾರೀಖುಗಳ ಪಟ್ಟಿ ಮಾಡ್ಲಾ?" ಇದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಕೇಳುವುದು ಕೊನೆಯ ಕಕ್ಷಿದಾರರು ಎದ್ದುಹೋದ ಮೇಲೆ, ಬೆಳಿಗ್ಗೆ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಲ್ಲ. ಫೈಲು ಎಲ್ಲಿದೆ ಎಂಬುದು ಸೀನಿಯರ್‌ಗಿಂತ ಗುಮಾಸ್ತರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅವರೊಂದಿಗೆ ವಿಶ್ವಾಸದಿಂದಿರಿ.

ಚೆಕ್ ಬೌನ್ಸ್ ಫೈಲನ್ನೇ ಹೇಳಲು ಕಾರಣವಿದೆ. ಅದು ತೆಳ್ಳಗಿರುತ್ತದೆ, ಬಹುತೇಕ ಎಲ್ಲ ಕಚೇರಿಯಲ್ಲೂ ಸಿಗುತ್ತದೆ, ಮತ್ತು ಇಡೀ ಕೇಸು ತಾರೀಖುಗಳ ಮೇಲೆ ನಿಂತಿರುತ್ತದೆ. ಒಂದು ಹಾಳೆಯಲ್ಲಿ ಮೂರು ಕಲಂ ಗೀರಿಕೊಳ್ಳಿ: ತಾರೀಖು, ಏನಾಯಿತು, ಅದನ್ನು ತೋರಿಸುವ ಕಾಗದ ಯಾವ ಪುಟದಲ್ಲಿದೆ.

ಒಂದು ಉದಾಹರಣೆ ಮಾಡಿ ನೋಡೋಣ. ಚೆಕ್ಕಿನ ಮೇಲಿನ ತಾರೀಖು 2024ರ ಜನವರಿ 2. ಬ್ಯಾಂಕಿಗೆ ಹಾಕಿದ್ದು ಫೆಬ್ರವರಿ 5ಕ್ಕೆ. ಮೂರು ತಿಂಗಳೊಳಗೆ ಹಾಕಬೇಕು, ಸರಿ ಇದೆ. ಹಣವಿಲ್ಲವೆಂಬ ಮೆಮೊ ದೂರುದಾರರ ಕೈಸೇರಿದ್ದು ಫೆಬ್ರವರಿ 8. ಅಲ್ಲಿಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಮಾರ್ಚ್ 4ರಂದು ಹೋಗಿದೆ. ಆರೋಪಿಗೆ ನೋಟಿಸ್ ತಲುಪಿದ್ದು ಮಾರ್ಚ್ 7. ಹಣ ಕೊಡಲು ಅವರಿಗಿರುವ 15 ದಿನ ಮಾರ್ಚ್ 22ಕ್ಕೆ ಮುಗಿಯುತ್ತದೆ. ದೂರು ಕೊಡುವ ಹಕ್ಕು ಹುಟ್ಟುವುದು 23ರಂದು. ಆ ದಿನವನ್ನು ಬಿಟ್ಟು ಒಂದು ತಿಂಗಳು ಎಣಿಸಿದರೆ ದೂರು ದಾಖಲಿಸಲು ಕೊನೆಯ ದಿನ ಏಪ್ರಿಲ್ 23. ಫೈಲಿನಲ್ಲಿರುವ ದೂರಿನ ಮೇಲೆ ಏಪ್ರಿಲ್ 25ರ ಸೀಲಿದೆ ಎಂದುಕೊಳ್ಳಿ. ಎರಡು ದಿನ ತಡ. ಹಾಗಾದರೆ ವಿಳಂಬ ಮನ್ನಿಸಬೇಕೆಂದು ಕೋರಿದ ಅರ್ಜಿ ಫೈಲಿನಲ್ಲಿದೆಯೇ? ಕಾರಣ ಏನು ಕೊಟ್ಟಿದ್ದಾರೆ? ಕೋರ್ಟು ಏನು ಆದೇಶ ಮಾಡಿದೆ? ಈಗ ನಿಮ್ಮ ಕೈಯಲ್ಲಿ ಸೀನಿಯರ್‌ಗೆ ಕೇಳಬಹುದಾದ ನಿಜವಾದ ಪ್ರಶ್ನೆಯಿದೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಎರಡು. ಮೆಮೊದ ಮೇಲೆ ಅಚ್ಚಾದ ತಾರೀಖಿನಿಂದ ಎಣಿಸುವುದು ಒಂದು. ಲೆಕ್ಕ ಶುರುವಾಗುವುದು ಮಾಹಿತಿ ದೂರುದಾರರಿಗೆ ಸಿಕ್ಕ ದಿನದಿಂದ. ನೋಟಿಸ್ ಕಳಿಸಿದ ದಿನವನ್ನೇ ತಲುಪಿದ ದಿನವೆಂದು ಬರೆಯುವುದು ಇನ್ನೊಂದು. ಅಂಚೆ ಸ್ವೀಕೃತಿ ಚೀಟಿ ನೋಡಿ. ಲಕೋಟೆ ವಾಪಸ್ ಬಂದಿದ್ದರೆ ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದ ಷರಾವನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಿ. "ಮನೆ ಬೀಗ ಹಾಕಿದೆ" ಎಂದಿದೆಯೋ, "ವಿಳಾಸದಾರರು ಇಲ್ಲಿಲ್ಲ" ಎಂದಿದೆಯೋ ಎಂಬುದರ ಮೇಲೆ ವಾದವೇ ಬದಲಾಗುತ್ತದೆ. ಫೈಲಿನ ಪುಟಗಳ ಫೋಟೊ ಮಾತ್ರ ಮೊಬೈಲಿನಲ್ಲಿ ತೆಗೆಯಬೇಡಿ. ಕಕ್ಷಿದಾರರ ಗುಟ್ಟು ಕಚೇರಿಯಿಂದ ಹೊರಗೆ ಹೋಗಬಾರದು.

ಮುಗಿದ ಫೈಲಿನ ಪಟ್ಟಿ ಸರಿಬಂದರೆ, ನಡೆಯುತ್ತಿರುವ ಕೇಸಿನದ್ದನ್ನು ಜೂನಿಯರ್ ತಾವಾಗಿ ಕೊಡುವುದುಂಟು, ಏಕೆಂದರೆ ಪಾಟಿ ಸವಾಲಿಗೆ ಆ ಹಾಳೆ ಅವರಿಗೇ ಬೇಕು.

ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೋರ್ಟ್ ಹಾಲ್ ಇದೆ. ಅಲ್ಲಿ ಕೂರಲು ಯಾರ ಶಿಫಾರಸೂ ಬೇಡ, ಗೌಪ್ಯ ವಿಚಾರಣೆಯ ಕೇಸುಗಳನ್ನು ಬಿಟ್ಟು. ಆದರೆ ದಿನಕ್ಕೊಂದು ಹಾಲ್ ಸುತ್ತಿದರೆ ವಾಯಿದೆ ಮುಂದೂಡುವುದಷ್ಟೇ ಕಾಣಿಸುತ್ತದೆ. ಸಾಕ್ಷ್ಯದ ಹಂತದಲ್ಲಿರುವ ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸನ್ನು ಆರಿಸಿಕೊಂಡು, ಅವುಗಳ ಮುಂದಿನ ತಾರೀಖನ್ನು services.ecourts.gov.in ನಲ್ಲಿ ನೋಡಿ, ಅದೇ ದಿನ ಹೋಗಿ. ಬಾರ್ ಕೌನ್ಸಿಲ್ ನಿಗದಿ ಮಾಡಿದ ಪ್ರಾಯೋಗಿಕ ಪತ್ರಿಕೆಯಲ್ಲಿ ಇಂಥ ಎರಡು ವಿಚಾರಣೆ ಗಮನಿಸಿ ಬರೆಯುವುದಕ್ಕೇ 30 ಅಂಕವಿದೆ. ಇಬ್ಬರು ಕಕ್ಷಿದಾರರ ಸಂದರ್ಶನ ಗಮನಿಸಿ ಡೈರಿಯಲ್ಲಿ ಬರೆಯುವುದಕ್ಕೆ 15 ಅಂಕ. ಸಂಜೆ ಕಕ್ಷಿದಾರರು ಬಂದಾಗ ಒಳಗೆ ಕೂರಲು ಸೀನಿಯರ್ ಹತ್ತಿರ ಈ ಕಾರಣ ಹೇಳಿಯೇ ಕೇಳಿ.

ಡೈರಿಯಲ್ಲಿ "ಕೋರ್ಟಿಗೆ ಹೋಗಿದ್ದೆ" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಕೇಸ್ ನಂಬರ್, ಹಂತ, ಅಂದು ನಡೆದದ್ದು, ನಿಮಗೆ ಅರ್ಥವಾಗದ ಒಂದು ವಿಷಯ, ಇಷ್ಟನ್ನು ಅದೇ ಸಂಜೆ ಬರೆಯಿರಿ. ಕೆಲಸವಿಲ್ಲದ ದಿನಕ್ಕೆ ಕೆಲಸ ಕಟ್ಟಿ ಬರೆಯಬೇಡಿ. ಮೌಖಿಕ ಪರೀಕ್ಷೆಯಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಹತ್ತು ದಿನ ಹೀಗೆ ಪ್ರಯತ್ನಪಟ್ಟ ಮೇಲೂ ಒಂದು ಫೈಲೂ ಕೈಗೆ ಸಿಗದಿದ್ದರೆ ನಾಲ್ಕನೇ ವಾರದವರೆಗೆ ಕಾಯಬೇಡಿ. ಡೈರಿ ಹಿಡಿದುಕೊಂಡು ಕಾಲೇಜಿನ ಇಂಟರ್ನ್‌ಶಿಪ್ ಸಂಯೋಜಕರನ್ನು ಕಂಡು, ಉಳಿದ ದಿನಗಳನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಳೆಯಲು ಪತ್ರ ಕೇಳಿ. ಉಚಿತ ಕಾನೂನು ನೆರವು ಕೇಳಿಕೊಂಡು ಬರುವವರ ಅರ್ಜಿ ಬರೆದುಕೊಡುವುದಕ್ಕೆ ಅಲ್ಲಿ ಜನ ಬೇಕಾಗಿರುತ್ತದೆ, ಲೋಕ ಅದಾಲತ್ ಹತ್ತಿರ ಬಂದಾಗಲಂತೂ ಇನ್ನೂ ಹೆಚ್ಚು. ಹೊರಡುವ ಮುನ್ನ ಸೀನಿಯರ್‌ಗೆ ಮುಖತಃ ತಿಳಿಸಿ, ಅಲ್ಲಿಯವರೆಗಿನ ಡೈರಿಗೆ ಅವರ ಸಹಿ ಪಡೆದುಕೊಳ್ಳಿ. ಆಮೇಲೆ ಆ ಸಹಿಗೆಂದೇ ಅಲೆಯುವುದು ಬಹಳ ಕಷ್ಟ.