ಮೂರನೇ ಅಧ್ಯಾಯದಲ್ಲಿ ಮೊಬೈಲ್ ಎಲ್ಲಿದೆ?

ಪಿಯು ತರಗತಿಗಳಲ್ಲಿ ಮೊಬೈಲ್ ಬಳಕೆ ಕುರಿತ ಎಂ.ಎಡ್. ಪ್ರಬಂಧ ಕೈಗೆ ಬಂದರೆ ನಾನು ನೇರ ಸಂಶೋಧನಾ ವಿಧಾನ ಹೇಳುವ ಮೂರನೇ ಅಧ್ಯಾಯಕ್ಕೆ ಹೋಗುತ್ತೇನೆ. ಅಲ್ಲಿ ಹುಡುಕುವುದು ಒಂದೇ: ಇವರು ಎಣಿಸಿದ್ದು ಏನನ್ನು? ಬಹಳ ಸಲ ಅದು ಸಿಗುವುದಿಲ್ಲ. ಅದರ ಬದಲು ಸಮೀಕ್ಷಾ ವಿಧಾನ ಎಂದರೇನು ಅಂತ ಪಠ್ಯಪುಸ್ತಕದಿಂದ ಇಳಿಸಿದ ಎರಡು ಪುಟ ಇರುತ್ತದೆ. ಅದು ಪರೀಕ್ಷಕರಿಗೆ ಗೊತ್ತೇ ಇದೆ.

ಒಂದು ಪೀರಿಯಡ್ ನೋಡಿ. ಒಬ್ಬಳು ಬೋರ್ಡಿನ ಮೇಲಿನ ಲೆಕ್ಕದ ಫೋಟೊ ತೆಗೆಯುತ್ತಾಳೆ. ಒಬ್ಬ ಡೆಸ್ಕ್ ಕೆಳಗೆ ರೀಲ್ಸ್ ನೋಡುತ್ತಾನೆ. ಇನ್ನೊಬ್ಬ ಸುಮ್ನೆ ಟೈಮ್ ನೋಡಿ ಜೇಬಿಗೆ ಹಾಕುತ್ತಾನೆ. ಮೂರೂ 'ಬಳಕೆ'ಯೇ? ನೀವೇ ತೀರ್ಮಾನಿಸಿ ಬರೆಯಬೇಕು. ಉದಾಹರಣೆಗೆ: 'ಪಾಠ ನಡೆಯುವಾಗ, ಉಪನ್ಯಾಸಕರು ಹೇಳದೆ, ವಿದ್ಯಾರ್ಥಿ ತನ್ನ ಮೊಬೈಲ್ ಪರದೆ ನೋಡಿದ್ದು.' ಫೋಟೊ ತೆಗೆದದ್ದನ್ನು ಬೇರೆ ಎಣಿಸುತ್ತೀರಾ ಅನ್ನುವುದನ್ನೂ ಅಲ್ಲೇ ಹೇಳಿ. ಈ ಸಾಲು ಗಟ್ಟಿಯಾದರೆ ಪ್ರಶ್ನಾವಳಿ ಅರ್ಧ ಮುಗಿದ ಹಾಗೆ.

ಇನ್ನರ್ಧ ತೊಡಕಿನದು. ಮೊಬೈಲ್ ತರಬಾರದು ಎಂಬ ನಿಯಮ ಇರುವ ಕಾಲೇಜಿನಲ್ಲಿ, ಉಪನ್ಯಾಸಕರು ಪಕ್ಕದಲ್ಲೇ ನಿಂತಿರುವಾಗ, ಹೆಸರು ಮತ್ತು ನೋಂದಣಿ ಸಂಖ್ಯೆ ಬರೆಸಿಕೊಂಡು 'ನೀವು ತರಗತಿಯಲ್ಲಿ ಮೊಬೈಲ್ ಬಳಸುತ್ತೀರಾ?' ಅಂತ ಕೇಳಿದರೆ ಯಾರು ತಾನೇ ಹೌದು ಅನ್ನುತ್ತಾರೆ? ಪೈಲಟ್ ಹಂತದಲ್ಲಿ ಹೆಚ್ಚುಕಮ್ಮಿ ಎಲ್ಲರೂ 'ಎಂದೂ ಇಲ್ಲ'ಕ್ಕೆ ಟಿಕ್ ಹಾಕಿದ್ದರೆ, ನೀವು ಅಳೆದದ್ದು ಬಳಕೆಯನ್ನಲ್ಲ, ಭಯವನ್ನು ಇರಬಹುದು. ಕ್ರೋನ್‌ಬ್ಯಾಕ್ ಆಲ್ಫಾ ಇದನ್ನು ಹಿಡಿಯುವುದಿಲ್ಲ. ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಅದು ನೋಡುತ್ತದೆ. ಪ್ರತಿ ಪ್ರಶ್ನೆಗೂ ಒಂದೇ ಥರ ಸುಳ್ಳು ಹೇಳಿದರೂ ಆಲ್ಫಾ ಚೆನ್ನಾಗೇ ಬರಬಹುದು.

ಹಾಗಾಗಿ ಹೆಸರು ಬೇಡ, ತರಗತಿಯ ಸಂಕೇತ ಸಾಕು. ಉಪನ್ಯಾಸಕರು ಹೊರಗಿರಲಿ, ಹಾಳೆಯನ್ನು ಮಕ್ಕಳೇ ಮುಚ್ಚಿದ ಡಬ್ಬಕ್ಕೆ ಹಾಕಲಿ. 'ಸಾಮಾನ್ಯವಾಗಿ' ಎಂದು ಕೇಳಬೇಡಿ, 'ಇವತ್ತಿನ ಎರಡನೇ ಪೀರಿಯಡ್‌ನಲ್ಲಿ ಎಷ್ಟು ಸಲ ಪರದೆ ನೋಡಿದಿರಿ?' ಎಂದು ಕೇಳಿ. ಪಿಯು ಮಕ್ಕಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ, ಆದ್ದರಿಂದ ಪೋಷಕರ ಸಹಿಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಆ ಸಹಿ ಚೀಟಿಯನ್ನು ಪ್ರಶ್ನಾವಳಿಗೆ ಪಿನ್ ಮಾಡಿಬಿಟ್ಟರೆ ಮುಗಿಯಿತು, ಹೆಸರು ಮತ್ತೆ ಒಳಗೆ ಬಂದ ಹಾಗೆ. ಬೇರೆ ದಿನವೇ ಪಡೆದು ಬೇರೆ ಕವರಿನಲ್ಲಿಡಿ. ಇದೆಲ್ಲ ಅಧ್ಯಾಯದಲ್ಲಿ ಬರಬೇಕು, ಓದುವವರು ನಿಮ್ಮ ಅಂಕಿಗಳನ್ನು ನಂಬುವುದು ಇದರ ಮೇಲೆ.

ಈಗ ಸ್ಯಾಂಪಲ್. ತಾಲೂಕಿನಲ್ಲಿ ದ್ವಿತೀಯ ಪಿಯು ಮಕ್ಕಳು 2000 ಇದ್ದಾರೆ ಅಂದುಕೊಳ್ಳಿ. ಎಷ್ಟು ಮಂದಿಯನ್ನು ಕೇಳಬೇಕು ಎನ್ನಲು ಎಲ್ಲರೂ ಬಳಸುವ ಯಮಾನೆ ಸೂತ್ರವನ್ನು 5% ದೋಷಮಿತಿಗೆ ಹಾಕಿದರೆ 2000 ÷ (1 + 2000 × 0.05²), ಅಂದರೆ 334. 'ಸರಳ ಯಾದೃಚ್ಛಿಕ ಮಾದರಿ' ಎಂದು ಬರೆದುಬಿಡುತ್ತಾರೆ. ನಡೆದದ್ದು ಏನು? ಎಂಟೊಂಬತ್ತು ತರಗತಿಗೆ ಹೋಗಿ, ಇದ್ದವರಿಗೆಲ್ಲ ಹಾಳೆ ಹಂಚಿದ್ದು. ಅದು ಗುಚ್ಛ ಮಾದರಿ, ಕ್ಲಸ್ಟರ್.

ಹೆಸರು ಬದಲಿಸಿದರೆ ಸಾಲದು. ಮೊಬೈಲ್ ಬಳಕೆ ಮಗುವಿನ ಗುಣ ಮಾತ್ರ ಅಲ್ಲ, ತರಗತಿಯ ಗುಣವೂ ಹೌದು. ಕಟ್ಟುನಿಟ್ಟಿನ ಉಪನ್ಯಾಸಕರ ತರಗತಿಯಲ್ಲಿ ಯಾರೂ ಜೇಬಿಗೆ ಕೈ ಹಾಕುವುದಿಲ್ಲ, ಪಕ್ಕದ ತರಗತಿಯಲ್ಲಿ ಹಿಂದಿನ ಬೆಂಚು ಪೂರ್ತಿ ಮೊಬೈಲಿನಲ್ಲಿರುತ್ತದೆ. ಹಾಗಾಗಿ ಒಂದೇ ತರಗತಿಯ 40 ಜನರ ಉತ್ತರ 40 ಬೇರೆ ಬೇರೆ ಸುದ್ದಿ ಕೊಡುವುದಿಲ್ಲ. ಎಷ್ಟು ಕಳೆದುಕೊಳ್ಳುತ್ತೇವೆ ಎಂದು ಲೆಕ್ಕ ಹಾಕಬಹುದು: 1 + (ತರಗತಿಗೆ ಎಷ್ಟು ಮಂದಿ − 1) × ತರಗತಿಯೊಳಗಿನ ಹೋಲಿಕೆಯ ಪ್ರಮಾಣ. ಆ ಪ್ರಮಾಣ 0.05 ಎಂದಿಟ್ಟುಕೊಳ್ಳೋಣ. ತರಗತಿಗೆ 40 ಮಂದಿ ಆದರೆ 2.95 ಬರುತ್ತದೆ. ಅಂದರೆ ನಿಮ್ಮ 334 ಮಂದಿ ಕೊಡುವ ಮಾಹಿತಿ, ಯಾದೃಚ್ಛಿಕವಾಗಿ ಆರಿಸಿದ ಸುಮಾರು 113 ಮಂದಿ ಕೊಡುವಷ್ಟೇ.

ಇನ್ನೂ ನೂರಾರು ಹಾಳೆ ಹಂಚಲು ಎಂ.ಎಡ್. ವಿದ್ಯಾರ್ಥಿಗೆ ಸಮಯ ಎಲ್ಲಿದೆ? ಬೇಕಾಗಿಲ್ಲ. 20 ತರಗತಿಗೆ ಹೋಗಿ, ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ತಲಾ 17 ಮಂದಿಯನ್ನು ಆರಿಸಿ. ಒಟ್ಟು 340. ಈಗ ಅದೇ ಲೆಕ್ಕ 1.8 ಆಗುತ್ತದೆ, ಮಾಹಿತಿ 189 ಮಂದಿಗೆ ಸಮ. ಹಾಳೆ ಹೆಚ್ಚುಕಮ್ಮಿ ಅಷ್ಟೇ, ಓಡಾಟ ಮಾತ್ರ ಜಾಸ್ತಿ. ನನ್ನ ಪ್ರಕಾರ ಆ ಬಸ್ ಚಾರ್ಜಿಗೆ ಮೋಸವಿಲ್ಲ.

ವಿಶ್ಲೇಷಣೆಯ ಭಾಗದಲ್ಲೂ ಇದು ನೆನಪಿರಲಿ. 340 ಮಂದಿಯೂ ಬಿಡಿಬಿಡಿ ಎಂಬಂತೆ ಟಿ-ಪರೀಕ್ಷೆ ಮಾಡಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣಬಹುದು. ಸುಲಭದ ದಾರಿ ಎಂದರೆ ಪ್ರತಿ ತರಗತಿಯ ಸರಾಸರಿ ತೆಗೆದು, ಆ 20 ಸರಾಸರಿಗಳನ್ನು ಹೋಲಿಸುವುದು. ಸರ್ಕಾರಿ ಮತ್ತು ಖಾಸಗಿ ಕಾಲೇಜು ಹೋಲಿಸುವವರಿಗೆ ಇದೂ ಸಾಲದು. ಎರಡೇ ಕಾಲೇಜಿಗೆ ಹೋಗಿದ್ದರೆ ನಿಮ್ಮ ಬಳಿ ಇರುವುದು ಆ ಎರಡು ಕಾಲೇಜುಗಳ ಕಥೆ, ಎರಡು ಬಗೆಯ ಕಾಲೇಜುಗಳದ್ದಲ್ಲ.

ಭಾಷೆಯ ವಿಚಾರ ಒಂದೇ. ಪ್ರಸ್ತಾವನೆಯ 'ಆರಿಸಲಾಗುವುದು' ಪ್ರಬಂಧದಲ್ಲಿ 'ಆರಿಸಲಾಯಿತು' ಆಗಬೇಕು, ಮತ್ತು ನಿಜಕ್ಕೂ ಆದದ್ದನ್ನೇ ಹೇಳಬೇಕು: ಎಷ್ಟು ಕಾಲೇಜು ಒಪ್ಪಲಿಲ್ಲ, ಎಷ್ಟು ಪೋಷಕರು ಸಹಿ ಹಾಕಲಿಲ್ಲ, ಆ ದಿನ ಎಷ್ಟು ಮಂದಿ ಗೈರು. ಗೈರಾದವರ ಸಂಖ್ಯೆಯನ್ನು ವೈವಾದಲ್ಲಿ ನಾನಂತೂ ಕೇಳೇ ಕೇಳುತ್ತೇನೆ.