ನೋಲೆಸಿ: ಸ್ಮಿಯರ್‌ನಲ್ಲಿ ವೇಷ ಮರೆಸಿಕೊಳ್ಳುವ ಮಂಗನ ಮಲೇರಿಯಾ

‘ಮಂಗನ ಮಲೇರಿಯಾ’ ಎಂದ ಕೂಡಲೇ ನಮ್ಮಲ್ಲಿ ಅದನ್ನು ಮಂಗನ ಕಾಯಿಲೆಗೆ ಗಂಟು ಹಾಕುವವರಿದ್ದಾರೆ. ಕ್ಯಾಸನೂರು ಕಾಡಿನದು ಉಣ್ಣೆ ಹುಳುವಿನಿಂದ ಹರಡುವ ವೈರಸ್. ಪ್ಲಾಸ್ಮೋಡಿಯಂ ನೋಲೆಸಿ ಮಲೇರಿಯಾ ಪರಾವಲಂಬಿ. ಆಗ್ನೇಯ ಏಷ್ಯಾದ ಉದ್ದಬಾಲದ ಮಕಾಕ್ ಮಂಗಗಳಿಂದ ಕಾಡಿನ ಅನಾಫಿಲಿಸ್ ಸೊಳ್ಳೆಗಳ ಮೂಲಕ ಮನುಷ್ಯನಿಗೆ ಬರುತ್ತದೆ. ಮಂಗ ಕಚ್ಚಿ ಬರುವುದಲ್ಲ. 1932ರಲ್ಲಿ ಕಲ್ಕತ್ತಾದಲ್ಲಿ ರಾಬರ್ಟ್ ನೋಲ್ಸ್ ಮತ್ತು ದಾಸ್ ಗುಪ್ತ ಇದು ಮನುಷ್ಯನಲ್ಲೂ ಬೆಳೆಯುತ್ತದೆಂದು ತೋರಿಸಿದರು. ಹೆಸರು ಆ ನೋಲ್ಸ್‌ರದ್ದೇ.

ಇದಕ್ಕಿಂತ ದುಬಾರಿಯಾಗುವ ಗೊಂದಲ ಸ್ಮಿಯರ್‌ನದು, ಅಂದರೆ ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವಾಗಿನದು. ನೋಲೆಸಿಯ ಎಳೆಯ ಉಂಗುರಗಳನ್ನು ನೋಡಿದರೆ ಮಾರಕ ಮಲೇರಿಯಾ ತರುವ ಫಾಲ್ಸಿಪಾರಂ ಅನ್ನಿಸುತ್ತದೆ. ಸ್ವಲ್ಪ ಬಲಿತ ಮೇಲೆ ಪರಾವಲಂಬಿ ಕೆಂಪು ರಕ್ತಕಣಕ್ಕೆ ಅಡ್ಡಲಾಗಿ ಪಟ್ಟಿಯಂತೆ ಚಾಚಿಕೊಳ್ಳುತ್ತದೆ, ಮತ್ತು ಆ ಕಣ ಊದಿಕೊಳ್ಳುವುದಿಲ್ಲ. ಪುಸ್ತಕಗಳಲ್ಲಿ ಇನ್ನೊಂದು ಮಲೇರಿಯಾ ಪರಾವಲಂಬಿಯಾದ ಪ್ಲಾಸ್ಮೋಡಿಯಂ ಮಲೇರಿಯೇಯ ಗುರುತೆಂದು ಬರೆದಿರುವುದೂ ಇದನ್ನೇ. ಹೀಗಾಗಿ ವರದಿಯಲ್ಲಿ ‘ಮಲೇರಿಯೇ’ ಎಂದು ಬೀಳುತ್ತದೆ. ಒಡೆಯುವ ಹಂತಕ್ಕೆ ಬಂದ ಪರಾವಲಂಬಿ, ಅಂದರೆ ಬಲಿತ ಶೈಜಾಂಟ್ ಸಿಕ್ಕರೆ ಸ್ವಲ್ಪ ಸುಳಿವುಂಟು: ಅದರೊಳಗಿನ ಮರಿಗಳಾದ ಮೆರೊಜೊಯಿಟ್‌ಗಳು ಮಲೇರಿಯೇಯಲ್ಲಿ 6ರಿಂದ 12, ನೋಲೆಸಿಯಲ್ಲಿ 16ರವರೆಗೆ. ಆದರೆ 10 ಎಣಿಸಿದರೆ ಯಾವುದು? ಸ್ಮಿಯರ್ ಅದನ್ನು ಹೇಳುವುದಿಲ್ಲ, ಪರಾವಲಂಬಿಯ ಡಿಎನ್‌ಎ ನೋಡುವ ಪಿಸಿಆರ್ ಬೇಕು. ಕಣ್ಣು ಎಷ್ಟೇ ಪಳಗಿದ್ದರೂ ಅಷ್ಟೇ.

1965ರಲ್ಲಿ ಮಲೇಷ್ಯಾದ ಪಹಾಂಗ್ ಕಾಡಿನಿಂದ ಮರಳಿದ ಅಮೆರಿಕದ ಒಬ್ಬನಲ್ಲಿ ಮೊದಲ ಸಹಜ ಸೋಂಕು ದಾಖಲಾದಾಗಲೂ ಸ್ಮಿಯರ್ ಮೊದಲು ಫಾಲ್ಸಿಪಾರಂ, ಆಮೇಲೆ ಮಲೇರಿಯೇ ಎಂದಿತು. ಅವನ ರಕ್ತವನ್ನು ಮಂಗಗಳಿಗೆ ಚುಚ್ಚಿದ ಮೇಲಷ್ಟೇ ನಿಜ ಗೊತ್ತಾಯಿತು. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲೇಷ್ಯಾದ ಬೋರ್ನಿಯೊ ಭಾಗದ ಸರವಾಕ್‌ನ ಕಾಪಿಟ್‌ನಲ್ಲಿ 208 ಮಲೇರಿಯಾ ರೋಗಿಗಳ ರಕ್ತವನ್ನು ಪಿಸಿಆರ್‌ಗೆ ಹಾಕಿದಾಗ 120ರಲ್ಲಿ ನೋಲೆಸಿ ಸಿಕ್ಕಿತು. ಮಲೇರಿಯೇ ಒಂದೂ ಇರಲಿಲ್ಲ.

ಹೆಸರು ತಪ್ಪಿದರೆ ಏನಾಯಿತು ಎನ್ನುವವರು ಗಡಿಯಾರ ನೋಡಬೇಕು. ರಕ್ತಕಣ ಹೊಕ್ಕು, ಬೆಳೆದು, ಒಡೆದು ಹೊರಬರುವ ರಕ್ತಚಕ್ರ ಮಲೇರಿಯೇಯದು 72 ಗಂಟೆ, ವೈವಾಕ್ಸ್ ಮತ್ತು ಫಾಲ್ಸಿಪಾರಂನದು 48, ನೋಲೆಸಿಯದು 24. ಇಂದು ಮೈಕ್ರೊಲೀಟರ್‌ಗೆ 4,000 ಪರಾವಲಂಬಿಗಳಿವೆ ಎನ್ನೋಣ. ಒಂದೊಂದರಿಂದ ಹುಟ್ಟಿದ ಮೆರೊಜೊಯಿಟ್‌ಗಳಲ್ಲಿ ಐದೇ ಬದುಕಿ ಹೊಸ ಕಣ ಹೊಕ್ಕರೂ ನಾಳೆಗೆ 20,000, ನಾಡಿದ್ದಿಗೆ ಒಂದು ಲಕ್ಷ. ಅಷ್ಟರಲ್ಲಿ ಮಲೇರಿಯೇ ಒಂದು ಸುತ್ತನ್ನೂ ಮುಗಿಸಿರುವುದಿಲ್ಲ. ಅದು 5,000 ದಾಟುವುದೇ ಅಪರೂಪ. ಸರವಾಕ್‌ನಲ್ಲಿ ಸ್ಮಿಯರ್‌ನಲ್ಲಿ ಮಲೇರಿಯೇ ಎಂದು ಬಂದ ನಾಲ್ವರು ಸತ್ತಿದ್ದರು. ಪಿಸಿಆರ್‌ನಲ್ಲಿ ನಾಲ್ವರದೂ ನೋಲೆಸಿ.

ಆದ್ದರಿಂದ ಬೋರ್ನಿಯೊ ಅಥವಾ ಮಲೇಷ್ಯಾದ ಕಾಡಂಚಿನಲ್ಲಿದ್ದವರಿಗೆ ದಿನವೂ ಜ್ವರ ಬಂದು, ಸ್ಮಿಯರ್ ‘ಮಲೇರಿಯೇ’ ಎಂದರೆ, ಬೇರೆ ಸಾಬೀತಾಗುವವರೆಗೆ ಅದನ್ನು ನೋಲೆಸಿ ಎಂದೇ ಹಿಡಿಯಬೇಕು. ಪಿಸಿಆರ್ ವರದಿಗಾಗಿ ಔಷಧಿ ತಡಮಾಡಬಾರದು. ಆರ್ಟಿಮಿಸಿನಿನ್ ಸಂಯೋಜನೆ ಕೊಡಬೇಕು, ತೀವ್ರವಾಗಿದ್ದರೆ ರಕ್ತನಾಳಕ್ಕೆ ಆರ್ಟಿಸುನೇಟ್. ವೈವಾಕ್ಸ್‌ನಂತೆ ಯಕೃತ್ತಿನಲ್ಲಿ ಮಲಗಿರುವ ರೂಪ ಇದಕ್ಕಿಲ್ಲವಾದ್ದರಿಂದ ಪ್ರೈಮಾಕ್ವಿನ್‌ನ 14 ದಿನದ ಕೋರ್ಸ್ ಬೇಕಿಲ್ಲ.